ಜರ್ಮನ್‌ನಲ್ಲಿ ಡೇನ್ ಎಲ್ಲಿ, ಡೇಮ್ ಎಲ್ಲಿ? ಆರ್ಟಿಕಲ್ ನೆನಪಿಡೋಕೆ ದಾರಿ ಹೇಳಿ

ಉಡುಪಿ_ನರ್ಸ್

ಎಲ್ಲರಿಗೂ ನಮಸ್ಕಾರ. ನಾನು ಸ್ಟಾಫ್ ನರ್ಸ್. ಜರ್ಮನಿಗೆ ಹೋಗೋಕೆ ಭಾಷೆ ಕಲೀತಿದ್ದೇನೆ, ಎ2 ನಡೀತಿದೆ. ಶಬ್ದಗಳು ಬರುತ್ತವೆ, ಓದಿದರೆ ಅರ್ಥವೂ ಆಗುತ್ತೆ. ಬರೆಯೋಕೆ ಕೂತರೆ ಮಾತ್ರ ಡೇರ್, ಡೇನ್, ಡೇಮ್ ಮೂರರಲ್ಲಿ ಯಾವುದು ಅಂತ ಪೆನ್ನು ನಿಂತುಬಿಡುತ್ತೆ. ಹೋದ ವಾರದ ಮಾಡೆಲ್ ಟೆಸ್ಟ್‌ನಲ್ಲಿ ಈ ಮೂರು ವಾಕ್ಯಕ್ಕೆ ಕೆಂಪು ಗೆರೆ ಬಿತ್ತು:

"ಇಶ್ ಹೆಲ್ಫೆ ಡೇನ್ ಪಾಟ್ಸಿಯೆಂಟೆನ್." ನಾನು ರೋಗಿಗೆ ಸಹಾಯ ಮಾಡ್ತೇನೆ ಅಂತ ಬರೆಯೋಕೆ ಹೊರಟಿದ್ದೆ, ಒಬ್ಬನೇ ರೋಗಿ.

"ಇಶ್ ರೂಫೆ ಡೇಮ್ ಆರ್ಟ್ಸ್ಟ್ ಆನ್." ಡಾಕ್ಟರಿಗೆ ಫೋನ್ ಮಾಡ್ತೇನೆ.

"ಇಶ್ ಷ್ಟೆಲೆ ಡಾಸ್ ಗ್ಲಾಸ್ ಔಫ್ ಡೇಮ್ ಟಿಷ್." ಲೋಟ ಮೇಜಿನ ಮೇಲೆ ಇಡ್ತೇನೆ.

ಮೂರರಲ್ಲೂ ನಾನು ಯೋಚನೆ ಮಾಡಿಯೇ ಬರೆದದ್ದು. ಯಾಕೆ ತಪ್ಪು ಅಂತ ಕ್ಲಾಸಲ್ಲಿ ಕೇಳಿದರೆ "ಟೇಬಲ್ ಬಾಯಿಪಾಠ ಮಾಡಿ" ಅಂದರು. ಟೇಬಲ್ ಬಾಯಿಪಾಠ ಇದೆ. ಅದರ ಯಾವ ಮನೆಗೆ ಕೈ ಹಾಕಬೇಕು ಅನ್ನೋದೇ ಗೊತ್ತಾಗ್ತಿಲ್ಲ. ಒಂದು ವಿನಂತಿ, ಜರ್ಮನ್ ಶಬ್ದಗಳನ್ನ ಕನ್ನಡದಲ್ಲೇ ಬರೀರಿ, ಬಸ್ಸಲ್ಲಿ ಗಟ್ಟಿಯಾಗಿ ಓದಿಕೊಳ್ಳೋಕೆ ನನಗೆ ಸುಲಭ.

---

ಸ್ಟುಟ್‌ಗಾರ್ಟ್_ಕನ್ನಡಿಗ

ಸಿಸ್ಟರ್, ಇದು ನಮಗೆ ಕಷ್ಟವೇ ಆಗಬಾರದು. ಇಂಗ್ಲಿಷ್ ಮೂಲಕ ಕಲಿಯೋದರಿಂದ ಈ ತೊಂದರೆ. ಇಂಗ್ಲಿಷಲ್ಲಿ ವಿಭಕ್ತಿ ಹೆಚ್ಚು ಕಡಿಮೆ ಸತ್ತೇಹೋಗಿದೆ, ಕನ್ನಡದಲ್ಲಿ ಜೀವಂತ ಇದೆ. ನಾನು ಇಲ್ಲಿಗೆ ಬಂದು ಆರು ವರ್ಷ ಆಯ್ತು, ನನ್ನ ಲೆಕ್ಕ ಒಂದೇ: ಕನ್ನಡದಲ್ಲಿ "ಅನ್ನು" ಬಂದರೆ ಅಕುಸಾಟಿವ್, "ಗೆ" ಬಂದರೆ ಡಾಟಿವ್.

ನನಗೆ ಇಷ್ಟ: ಡಾಸ್ ಗೆಫೆಲ್ಟ್ ಮೀರ್. ಇದು ನನಗೆ ಸೇರಿದ್ದು: ಡಾಸ್ ಗೆಹ್ಯೋರ್ಟ್ ಮೀರ್. ನನಗೆ ಚಳಿ: ಮೀರ್ ಇಸ್ಟ್ ಕಾಲ್ಟ್. ನಿಮಗೆ ಧನ್ಯವಾದ: ಇಶ್ ಡಾಂಕೆ ಈನೆನ್. ಎಲ್ಲಾ ಕಡೆ ನಮ್ಮ "ಗೆ", ಅವರ ಡಾಟಿವ್. ನಿಮ್ಮ ಮೊದಲನೇ ವಾಕ್ಯವೂ ಹಾಗೇ. ರೋಗಿಗೆ ಸಹಾಯ, ಹಾಗಾಗಿ ಡೇಮ್.

---

ಉಡುಪಿ_ನರ್ಸ್

ಅಣ್ಣ, ಡಾಕ್ಟರಿಗೆ ಫೋನ್ ಅಂತಲೇ ಅಲ್ವಾ ಡೇಮ್ ಹಾಕಿದ್ದು? ಅದಕ್ಕೂ ಕೆಂಪು ಗೆರೆ ಬಿತ್ತಲ್ಲ.

---

ಸ್ಟುಟ್‌ಗಾರ್ಟ್_ಕನ್ನಡಿಗ

ಅದು ಆಶ್ಚರ್ಯ. ಇಲ್ಲಿ ನಮ್ಮ ಆಫೀಸಲ್ಲಿ "ರೂಫ್ ಮೀರ್ ಆನ್" ಅಂತ ಹೇಳೋದನ್ನ ಎಷ್ಟು ಸಲ ಕೇಳಿದ್ದೇನೆ. ಅದು ಡಾಟಿವ್ ತಾನೇ. ನಿಮ್ಮ ಪೇಪರ್ ತಿದ್ದಿದವರೇ ತಪ್ಪು ಮಾಡಿರಬಹುದು.

---

ಮಲ್ಲೇಶ್ವರಂ_ಟೀಚರ್

ಪೇಪರ್ ತಿದ್ದಿದವರು ಸರಿಯಾಗೇ ತಿದ್ದಿದ್ದಾರೆ. ನಾನು ಹನ್ನೆರಡು ವರ್ಷದಿಂದ ಜರ್ಮನ್ ಹೇಳಿಕೊಡ್ತಿದ್ದೇನೆ. ಕನ್ನಡದ ಮಕ್ಕಳು ತಪ್ಪುವ ಜಾಗಗಳು ಬೇರೆ, ತಪ್ಪದ ಜಾಗಗಳೂ ಬೇರೆ. ಸ್ಟುಟ್‌ಗಾರ್ಟ್ ಅವರು ಹೇಳಿದ್ದರಲ್ಲಿ ಅರ್ಧ ಬಹಳ ಒಳ್ಳೆಯ ಅರ್ಧ, ಅದನ್ನ ಬಿಡಬೇಡಿ. ಕನ್ನಡದ ಯಾರು, ಯಾರನ್ನು, ಯಾರಿಗೆ ಜರ್ಮನ್‌ನಲ್ಲಿ ವೇರ್, ವೇನ್, ವೇಮ್. ಕೊನೆಯ ಅಕ್ಷರ ಗಮನಿಸಿ. ಡೇರ್, ಡೇನ್, ಡೇಮ್. ಅವನು, ಅವನನ್ನು, ಅವನಿಗೆ ಅನ್ನೋಕೆ ಏರ್, ಈನ್, ಈಮ್. ರ್, ನ್, ಮ್ ಅನ್ನೋ ಬಾಲ ಮೂರು ಕಡೆಯೂ ಒಂದೇ. ಪುಲ್ಲಿಂಗದ ಶಬ್ದಕ್ಕೆ ಇದಿಷ್ಟು ಸಾಕು. "ಅನ್ನು" ಅನ್ನೋದರೊಳಗೇ ನ್ ಕೂತಿದೆ ಅಂತ ನಾನು ಮಕ್ಕಳಿಗೆ ಹೇಳೋದು: ಅನ್ನು, ಡೇನ್, ಈನ್, ಐನೆನ್.

ತೊಂದರೆ ಏನಂದ್ರೆ, ಯಾವ ಕ್ರಿಯಾಪದ ಯಾವುದನ್ನ ಕೇಳುತ್ತೆ ಅನ್ನೋದು ಆಯಾ ಭಾಷೆಯ ಸ್ವಂತ ಅಭ್ಯಾಸ. ಕನ್ನಡದಲ್ಲಿ ಫೋನ್ ಮಾಡೋದು ಡಾಕ್ಟರಿಗೆ. ಜರ್ಮನ್‌ನ ಆನ್‌ರೂಫೆನ್ ಒಳಗೆ ಇರೋದು "ಕರೆ" ಅನ್ನೋ ಅರ್ಥ, ಡಾಕ್ಟರನ್ನು ಕರೆ. ಆದ್ದರಿಂದ ಇಶ್ ರೂಫೆ ಡೇನ್ ಆರ್ಟ್ಸ್ಟ್ ಆನ್. ಇದರ ತಿರುವುಮುರುವು ಕೂಡ ಇದೆ. ನಾವು ಒಬ್ಬರನ್ನು ನಂಬ್ತೇವೆ, ಒಬ್ಬರನ್ನು ಹಿಂಬಾಲಿಸ್ತೇವೆ. ಅವರು ಇಶ್ ಗ್ಲೌಬೆ ಡೀರ್, ಇಶ್ ಫೋಲ್ಗೆ ಡೀರ್ ಅಂತಾರೆ, ಎರಡೂ ಡಾಟಿವ್. "ಗೆ ಬಂದಲ್ಲೆಲ್ಲಾ ಡಾಟಿವ್" ಅಂತ ಹಿಡಿದರೆ ಇಲ್ಲೆಲ್ಲ ಜಾರ್ತೀರಿ.

ಇನ್ನೂ ದೊಡ್ಡ ಬಲೆ "ನನಗೆ ಬೇಕು". ನಮಗೆ ಇದರಲ್ಲಿ ಕರ್ತೃವೇ ನಾಲ್ಕನೇ ವಿಭಕ್ತಿಯಲ್ಲಿ ಇರುತ್ತಾನೆ. ಜರ್ಮನ್‌ಗೆ ಬಂದಾಗ ಅವನು ಎದ್ದು ಮೊದಲನೇ ಸ್ಥಾನಕ್ಕೆ ಹೋಗ್ತಾನೆ, ಬೇಕಾದ ವಸ್ತು ಎರಡನೆಯದಾಗುತ್ತೆ: ಇಶ್ ಬ್ರೌಖೆ ಡೇನ್ ಫರ್ಬಾಂಟ್, ನನಗೆ ಬ್ಯಾಂಡೇಜ್ ಬೇಕು. "ನನಗೆ ಅವನು ಗೊತ್ತು" ಅನ್ನೋದೂ ಹಾಗೇ, ಇಶ್ ಕೆನೆ ಈನ್.

ಹಾಗಾಗಿ ನನ್ನ ಸಲಹೆ: ಕನ್ನಡದ ವಾಕ್ಯಕ್ಕೆ ಅಲ್ಲ, ಜರ್ಮನ್ ಕ್ರಿಯಾಪದಕ್ಕೆ ಪ್ರಶ್ನೆ ಹಾಕಿ. ಶಬ್ದಕೋಶದಲ್ಲಿ ಕ್ರಿಯಾಪದ ಬರೆದುಕೊಳ್ಳುವಾಗ ಪಕ್ಕದಲ್ಲೇ ವೇನ್ ಅಥವಾ ವೇಮ್ ಅಂತ ಬರೆದಿಡಿ. ಹೆಲ್ಫೆನ್, ವೇಮ್. ಆನ್‌ರೂಫೆನ್, ವೇನ್. ಬಹುತೇಕ ಕ್ರಿಯಾಪದಗಳು ವೇನ್ ಕೇಳೋವು, ಆದ್ದರಿಂದ ನೀವು ನಿಜವಾಗಿ ಗುರುತು ಹಾಕಬೇಕಾದ್ದು ವೇಮ್ ಕೇಳುವ ಸಣ್ಣ ಗುಂಪಿಗೆ ಮಾತ್ರ.

---

ಉಡುಪಿ_ನರ್ಸ್

ಮೇಡಂ, ಫೋನಿನ ವಾಕ್ಯ ಅರ್ಥ ಆಯ್ತು. ಮೊದಲನೆಯದು ಆಗಲಿಲ್ಲ. ಹೆಲ್ಫೆನ್‌ಗೆ ಡೇಮ್ ಅಂತ ನನಗೂ ಗೊತ್ತಿತ್ತು. ಪಾಟ್ಸಿಯೆಂಟೆನ್ ಅಂತ "ಎನ್" ಬಂದಿದ್ದಕ್ಕೆ, ಎರಡೂ ಕಡೆ ನ್ ಇರಬೇಕೇನೋ ಅಂತ ಡೇನ್ ಮಾಡಿದೆ.

---

ಮಲ್ಲೇಶ್ವರಂ_ಟೀಚರ್

ನರ್ಸಿಂಗ್‌ನವರೆಲ್ಲ ಎಡವೋ ಕಲ್ಲು ಇದು, ಸ್ವಲ್ಪ ನಿಧಾನವಾಗಿ ನೋಡೋಣ. ಪಾಟ್ಸಿಯೆಂಟ್ ಅನ್ನೋದು ಕೆಲವೇ ಪುಲ್ಲಿಂಗ ಶಬ್ದಗಳ ಒಂದು ಗುಂಪಿಗೆ ಸೇರಿದ್ದು. ಕರ್ತೃವಾಗಿ ನಿಂತಾಗ ಮಾತ್ರ ಬೋಳಾಗಿ "ಡೇರ್ ಪಾಟ್ಸಿಯೆಂಟ್", ಬೇರೆಲ್ಲ ಕಡೆ ಶಬ್ದಕ್ಕೇ ಎನ್ ಅಂಟುತ್ತೆ. ಷ್ಟುಡೆಂಟ್, ಹೆರ್ ಇವೂ ಇದೇ ಗುಂಪು. ಅಂದರೆ ಶಬ್ದದ ಬಾಲ ನೋಡಿ ವಿಭಕ್ತಿ ಗೊತ್ತಾಗಲ್ಲ, ಆರ್ಟಿಕಲ್ ಒಂದೇ ಸಾಕ್ಷಿ.

ಇಶ್ ವಾಷೆ ಡೇನ್ ಪಾಟ್ಸಿಯೆಂಟೆನ್: ರೋಗಿಯನ್ನು ಸ್ನಾನ ಮಾಡಿಸ್ತೇನೆ, ಒಬ್ಬ ರೋಗಿ.
ಇಶ್ ಹೆಲ್ಫೆ ಡೇಮ್ ಪಾಟ್ಸಿಯೆಂಟೆನ್: ರೋಗಿಗೆ ಸಹಾಯ ಮಾಡ್ತೇನೆ, ಒಬ್ಬ ರೋಗಿ.
ಇಶ್ ಹೆಲ್ಫೆ ಡೇನ್ ಪಾಟ್ಸಿಯೆಂಟೆನ್: ರೋಗಿಗಳಿಗೆ ಸಹಾಯ ಮಾಡ್ತೇನೆ, ಹಲವರು.

ನೀವು ಬರೆದದ್ದು ಮೂರನೆಯದು. ವ್ಯಾಕರಣವಾಗಿ ಅದು ತಪ್ಪು ವಾಕ್ಯವೇ ಅಲ್ಲ, ನೀವು ಹೇಳಬೇಕಾದ್ದು ಅದಲ್ಲ ಅಷ್ಟೇ. ಒಂದು ಡೇನ್ ಏಕವಚನದ "ಅನ್ನು", ಇನ್ನೊಂದು ಡೇನ್ ಬಹುವಚನದ "ಗಳಿಗೆ". ಟೇಬಲ್ ಬಾಯಿಪಾಠ ಇದ್ದವರೂ ಎಡವೋದು ಇಲ್ಲೇ. ಎದುರಿಗೆ ಹೆಲ್ಫೆನ್ ಇದೆಯೋ ವಾಷೆನ್ ಇದೆಯೋ ನೋಡಿದರೆ ಕೇಳುವವರಿಗೆ ಗೊಂದಲ ಇಲ್ಲ.

---

ಧಾರವಾಡ_ಹುಡುಗ

ನಾನೂ ಕಲೀಲಿಕ್ಕ ಹತ್ತೀನ್ರೀ, ಎಂ.ಎಸ್ ಮಾಡಾಕ ಹೋಗೂದೈತಿ. ನಂಗ ಈ ಡೇನ್ ಡೇಮ್ ಏನ್ ತ್ರಾಸಿಲ್ಲ. ಗುಟೆನ್, ಗುಟೆಮ್, ಗುಟೆರ್ ಅಂತ ವಿಶೇಷಣಕ್ಕ ಬಾಲ ಹಚ್ಚೂದ ತ್ರಾಸ. ಅದಕ್ಕೊಂದು ಟ್ರಿಕ್ ಹೇಳ್ರಿ.

---

ಮಲ್ಲೇಶ್ವರಂ_ಟೀಚರ್

ಅದು ಬೇರೆ ಪ್ರಶ್ನೆಪ್ಪಾ, ಹೊಸದಾಗಿ ಕೇಳು, ಅಲ್ಲೇ ಬರೀತೀನಿ. ಒಂದು ಮಾತು ಮಾತ್ರ ಇಲ್ಲೇ ಹೇಳ್ತೀನಿ. ಮುಂದೆ ಆರ್ಟಿಕಲ್ ಇಲ್ಲದಿದ್ದಾಗ ವಿಶೇಷಣಕ್ಕೆ ಬರೋದು ಹೆಚ್ಚಾಗಿ ಇದೇ ರ್, ನ್, ಮ್ ಬಾಲಗಳೇ. ಡೇಮ್ ಗಟ್ಟಿಯಾಗಿದ್ದರೆ ನಿನ್ನ ಗುಟೆಮ್ ಅರ್ಧ ಬಂದಹಾಗೆ.

---

ನಿವೃತ್ತ_ಕನ್ನಡ_ಮೇಷ್ಟ್ರು

ನನಗೆ ಜರ್ಮನ್ ಬಾರದು. ಮೊಮ್ಮಗಳು ಕಲಿಯುತ್ತಿದ್ದಾಳೆ, ಅವಳ ಪುಸ್ತಕ ನೋಡುತ್ತಾ ಕೂತಿರುತ್ತೇನೆ. ಒಂದು ವಿಷಯ ಹೇಳಬೇಕೆನಿಸಿತು. ನಾವು ಮಾತಾಡುವಾಗ ದ್ವಿತೀಯಾ ಪ್ರತ್ಯಯವನ್ನು ಎಷ್ಟು ಕಡೆ ಬಿಟ್ಟುಬಿಡುತ್ತೇವೆ ನೋಡಿ. "ಪುಸ್ತಕ ಓದಿದೆ", "ಲೋಟ ಇಟ್ಟೆ", "ಕಾಫಿ ಕುಡಿದೆ". ನಿರ್ಜೀವ ವಸ್ತುವಾದರೆ "ಅನ್ನು" ಬಾಯಿಗೆ ಬರುವುದೇ ಇಲ್ಲ. "ಮಗು ಎತ್ತಿಕೊಂಡೆ" ಎನ್ನಲು ನಾಲಿಗೆ ತಡೆಯುತ್ತದೆ, "ಮಗುವನ್ನು" ಎಂದೇ ಬರುತ್ತದೆ. ಮೊಮ್ಮಗಳು ವಸ್ತುವಿನ ಹೆಸರು ಬಂದಲ್ಲೆಲ್ಲ ಡೇರ್ ಎಂದೇ ಬಿಡುತ್ತಾಳೆ, ಮನುಷ್ಯರು ಬಂದರೆ ಸರಿಯಾಗಿ ಡೇನ್ ಎನ್ನುತ್ತಾಳೆ. ನಾನು ಅವಳಿಗೆ ಹೇಳಿದ್ದು: ಮೊದಲು ಕನ್ನಡ ವಾಕ್ಯವನ್ನು ಪ್ರತ್ಯಯ ಸಮೇತ ಪೂರ್ತಿ ಹೇಳಮ್ಮ, ಲೋಟವನ್ನು ಇಟ್ಟೆ ಎಂದು. ಆಮೇಲೆ ಜರ್ಮನ್‌ಗೆ ಹೋಗು. ಇದು ಸರಿಯೋ ತಪ್ಪೋ ತಿಳಿದವರು ಹೇಳಬೇಕು.

---

ಮಲ್ಲೇಶ್ವರಂ_ಟೀಚರ್

ಮೇಷ್ಟ್ರೇ, ಇಷ್ಟು ವರ್ಷ ಪಾಠ ಮಾಡಿಯೂ ನಾನು ಇದನ್ನ ಹೀಗೆ ಗಮನಿಸಿರಲಿಲ್ಲ. ನನ್ನ ಕ್ಲಾಸಿನ ತಪ್ಪುಗಳನ್ನ ನೆನೆಸಿಕೊಂಡರೆ ನಿಮ್ಮ ಮಾತು ನಿಜ. ಮನುಷ್ಯರಿಗಿಂತ ವಸ್ತುಗಳಲ್ಲೇ ಹೆಚ್ಚು ತಪ್ಪು. ನಾಳೆಯಿಂದಲೇ ಮಾಡಿಸ್ತೇನೆ.

---

ಮ್ಯೂನಿಕ್_ಅಮ್ಮ

ನಾನು ಸ್ವಲ್ಪ ಬೇರೆ ಹೇಳ್ತೇನೆ, ಬೇಜಾರಾಗಬೇಡಿ. ಟೇಬಲ್, ವಿಭಕ್ತಿ, ಪ್ರಶ್ನೆ ಇದೆಲ್ಲ ಬರೆಯುವಾಗ ಸರಿ, ಮಾತಾಡುವಾಗ ಸಮಯ ಎಲ್ಲಿರುತ್ತೆ? ನನ್ನ ಮಗಳು ಶಿಶುವಿಹಾರಕ್ಕೆ ಹೋಗಿ ಒಂದು ವರ್ಷದಲ್ಲಿ ಎಲ್ಲಾ ಸರಿ ಮಾತಾಡ್ತಾಳೆ, ಒಂದು ನಿಯಮವೂ ಅವಳಿಗೆ ಗೊತ್ತಿಲ್ಲ. ನಾನೂ ತುಂಡು ತುಂಡಾಗಿ ಕಲಿತೆ. "ಮಿಟ್ ಡೇಮ್ ಬುಸ್", "ಇಮ್ ಕಿಂಡರ್‌ಗಾರ್ಟೆನ್", "ಫ್ಯೂರ್ ಮಿಶ್". ಒಂದೊಂದೂ ಒಂದು ಶಬ್ದ ಅಂದುಕೊಂಡೇ ಬಾಯಿಗೆ ಹಾಕಿಕೊಂಡೆ. ಇನ್ನೊಂದು ಗೊತ್ತಾ? ಇಲ್ಲಿನವರು ವೇಗವಾಗಿ ಮಾತಾಡುವಾಗ ಡೇನ್, ಡೇಮ್ ನಡುವೆ ವ್ಯತ್ಯಾಸ ನನ್ನ ಕಿವಿಗೆ ಬಹಳ ಸಲ ಬೀಳೋದೇ ಇಲ್ಲ. ಐನೆನ್ ಅನ್ನೋದು "ಐನ್" ಆಗಿಬಿಟ್ಟಿರುತ್ತೆ.

---

ಮಲ್ಲೇಶ್ವರಂ_ಟೀಚರ್

ಅಲ್ಲೇ ಇದ್ದು ದಿನವಿಡೀ ಕೇಳುವವರಿಗೆ ಅದು ಸರಿ. ಉಡುಪಿಯಲ್ಲಿ ಕೂತು ಪರೀಕ್ಷೆ ಬರೆಯೋರಿಗೆ ಅಷ್ಟು ಕೇಳೋ ಅವಕಾಶ ಇಲ್ಲ. ಕಿವಿಗೆ ಬೀಳದ ವ್ಯತ್ಯಾಸವನ್ನ ಕಿವಿಯಿಂದಲೇ ಕಲಿ ಅಂದರೆ ಅವರು ಎಲ್ಲಿಂದ ಕಲೀಬೇಕು? ಆದರೆ ಫ್ಯೂರ್ ಮಿಶ್ ವಿಷಯದಲ್ಲಿ ನಿಮ್ಮ ದಾರಿಯೇ ಮೇಲು. "ನನಗಾಗಿ" ಅಂತ ಯೋಚಿಸಿದರೆ ಡಾಟಿವ್ ಕಡೆ ಹೋಗಿಬಿಡ್ತೇವೆ, ಫ್ಯೂರ್ ಕೇಳೋದು ಯಾವಾಗಲೂ ಅಕುಸಾಟಿವ್. ಮಿಟ್ ಕೇಳೋದು ಯಾವಾಗಲೂ ಡಾಟಿವ್. ಅಂಥ ಪ್ರಿಪೊಸಿಷನ್‌ಗಳಿಗೆ ಯೋಚನೆ ಬೇಡ, ತುಂಡೇ ಸಾಕು.

---

ಉಡುಪಿ_ನರ್ಸ್

ಮೂರನೇ ವಾಕ್ಯ ಉಳೀತು. ಲೋಟ ಮೇಜಿನ ಮೇಲೆ. ಅದಕ್ಕೆ ಕನ್ನಡದಲ್ಲಿ ಅನ್ನೂ ಇಲ್ಲ, ಗೆಯೂ ಇಲ್ಲ.

---

ಸ್ಟುಟ್‌ಗಾರ್ಟ್_ಕನ್ನಡಿಗ

ಇದು ನನಗೆ ಗೊತ್ತು. ಚಲನೆ ಇದ್ದರೆ ಅಕುಸಾಟಿವ್, ಇಲ್ಲದಿದ್ದರೆ ಡಾಟಿವ್. ಲೋಟ ಇಡುವಾಗ ಕೈ ಚಲಿಸುತ್ತೆ, ಅದಕ್ಕೆ ಔಫ್ ಡೇನ್ ಟಿಷ್. ಇಟ್ಟಾದ ಮೇಲೆ ಲೋಟ ಸುಮ್ಮನೆ ನಿಂತಿದೆ, ಔಫ್ ಡೇಮ್ ಟಿಷ್.

---

ಮಲ್ಲೇಶ್ವರಂ_ಟೀಚರ್

ಉತ್ತರ ಸರಿ, ಕಾರಣ ಪೂರ್ತಿ ಸರಿಯಿಲ್ಲ. ಪಾರ್ಕಿನಲ್ಲಿ ಬೆಳಿಗ್ಗೆ ಓಡೋದು ಚಲನೆಯೇ ಅಲ್ವೇ? ಅದಕ್ಕೆ "ಇಶ್ ಲೌಫೆ ಇಮ್ ಪಾರ್ಕ್", ಇನ್ ಡೇಮ್ ಸೇರಿ ಇಮ್, ಡಾಟಿವ್. ಪಾರ್ಕಿಗೆ ಓಡಿಹೋದರೆ "ಇನ್ ಡೇನ್ ಪಾರ್ಕ್". ಎರಡರಲ್ಲೂ ಕಾಲು ಒಂದೇ ಥರ ಓಡ್ತಿದೆ. ನೋಡಬೇಕಾದ್ದು ಚಲನೆಯನ್ನಲ್ಲ. ಜಾಗ ಬದಲಾಗ್ತಿದೆಯೋ, ಇದ್ದ ಜಾಗದಲ್ಲೇ ನಡೀತಿದೆಯೋ ಅನ್ನೋದನ್ನ. ಎಲ್ಲಿಗೆ ಅಂತ ಕೇಳೋಕಾದರೆ, ಅಂದರೆ ವೋಹಿನ್, ಅಕುಸಾಟಿವ್. ಎಲ್ಲಿ ಅಂತ ಕೇಳೋಕಾದರೆ, ವೋ, ಡಾಟಿವ್.

"ಗೆ" ಅಂದರೆ ಡಾಟಿವ್ ಅನ್ನೋ ಲೆಕ್ಕ ಇಲ್ಲಿ ಪೂರಾ ಉಲ್ಟಾ ಹೊಡೆಯುತ್ತೆ. ಪಾರ್ಕಿಗೆ ಅನ್ನೋದು ಅಕುಸಾಟಿವ್ ಆಯ್ತು, ಪಾರ್ಕಿನಲ್ಲಿ ಅನ್ನೋದು ಡಾಟಿವ್. ಮೇಜಿನ ಮೇಲೆ ಅನ್ನೋದು ಕನ್ನಡದಲ್ಲಿ ಎರಡಕ್ಕೂ ಒಂದೇ, ಆದ್ದರಿಂದ ನೀವೇ ಬಾಯಿಬಿಟ್ಟು ಕೇಳಿಕೊಳ್ಳಬೇಕು: ಲೋಟ ಎಲ್ಲಿಗೆ ಇಟ್ಟೆ? ಸ್ವಲ್ಪ ವಿಚಿತ್ರವಾಗಿ ಕೇಳುತ್ತೆ, ಆದರೂ ಕೇಳಿ. ಈ ಆಟ ಆಡೋದು ಒಂಬತ್ತು ಪ್ರಿಪೊಸಿಷನ್‌ಗಳು ಮಾತ್ರ: ಇನ್, ಆನ್, ಔಫ್, ಊಬರ್, ಉಂಟರ್, ಫೋರ್, ಹಿಂಟರ್, ನೇಬೆನ್, ಟ್ಸ್ವಿಷೆನ್. ತ್ಸೂ ಈ ಗುಂಪಲ್ಲಿಲ್ಲ, ಅದಕ್ಕೆ ಯಾವಾಗಲೂ ಡಾಟಿವ್, ಆದ್ದರಿಂದ ಡಾಕ್ಟರ ಹತ್ತಿರ ಹೋದರೆ "ತ್ಸುಮ್ ಆರ್ಟ್ಸ್ಟ್".

---

ಉಡುಪಿ_ನರ್ಸ್

ಈಗ ಟೇಬಲ್ ಯಾಕೆ ಕೈಕೊಡ್ತಿತ್ತು ಅಂತ ಗೊತ್ತಾಯ್ತು. ಆದರೆ ಲಿಂಗವೇ ನೆನಪಿಲ್ಲದಿದ್ದರೆ ಇದೆಲ್ಲ ನಿಲ್ಲಲ್ಲ ಅಲ್ವಾ ಮೇಡಂ? ಚಮಚ ಡೇರ್, ಫೋರ್ಕ್ ಡೀ, ಚಾಕು ಡಾಸ್. ನಮಗೆ ಮೂರೂ "ಅದು".

---

ಮಲ್ಲೇಶ್ವರಂ_ಟೀಚರ್

ಎರಡು ಬೇರೆ ಕೆಲಸ ಇವೆ, ಬೇರೆ ಬೇರೆಯಾಗೇ ಇಟ್ಟುಕೊಳ್ಳಿ. ಮೊದಲನೆಯದು ಟೇಬಲ್. ಯಾರು, ಯಾರನ್ನು, ಯಾರಿಗೆ ಅಂತ ಅಡ್ಡಸಾಲು ಮೂರು, ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕ, ಬಹುವಚನ ಅಂತ ಕಂಬಗಳು ನಾಲ್ಕು:

```
Nom   der  die  das  die    R E S E
Akk   den  die  das  die    N E S E
Dat   dem  der  dem  den    M R M N
```

ಬಲಗಡೆ ಇರೋದು ಬಾಲದ ಅಕ್ಷರಗಳು. ಮೊದಲೆರಡು ಸಾಲಿಗೆ ವ್ಯತ್ಯಾಸ ಒಂದೇ ಮನೆಯಲ್ಲಿ, ಪುಲ್ಲಿಂಗದಲ್ಲಿ. ಆದ್ದರಿಂದ ಅಕುಸಾಟಿವ್‌ಗೆ ನೆನಪಿಡಬೇಕಾದ್ದು ಆ ಒಂದು ನ್ ಮಾತ್ರ. ಮೂರನೇ ಸಾಲು ಪೂರ್ತಿ ಬದಲಾಗುತ್ತೆ. ಅದಕ್ಕೆ ನಾನು ಹೇಳಿಕೊಡೋದು: ಮಗನಿಗೆ, ರಾಣಿಗೆ, ಮಗುವಿಗೆ, ನೆಂಟರಿಗೆ. ಮ, ರ, ಮ, ನ. ಮಗ ಪುಲ್ಲಿಂಗ, ಡೇಮ್ ಝೋನ್. ರಾಣಿ ಸ್ತ್ರೀಲಿಂಗ, ಡೇರ್ ಕ್ಯೋನಿಗಿನ್. ಮಗು ನಪುಂಸಕ, ಡೇಮ್ ಕಿಂಟ್. ನೆಂಟರು ಬಹುವಚನ, ಡೇನ್ ಫರ್ವಾಂಟೆನ್. ಪ್ರತಿ ಶಬ್ದದಲ್ಲೂ ಲಿಂಗವೂ ಇದೆ, ಬಾಲದ ಅಕ್ಷರವೂ ಇದೆ, "ಗೆ" ಕೂಡ ಇದೆ. ಐನ್, ಮೈನ್, ಕೈನ್ ಇವಕ್ಕೂ ಇದೇ ಬಾಲ: ಮೈನೆಮ್ ಝೋನ್, ಮೈನೆರ್ ಕ್ಯೋನಿಗಿನ್. ನೆಂಟರ ಕಂಬದಲ್ಲಿ ಶಬ್ದಕ್ಕೂ ಒಂದು ನ್ ಸೇರುತ್ತೆ, ಡೇನ್ ಕಿಂಡರ್ನ್. ಔಟೋಸ್ ಥರ ಎಸ್‌ನಲ್ಲಿ ಮುಗಿಯೋ ಬಹುವಚನಕ್ಕೆ ಸೇರಲ್ಲ.

ಮೊದಲು "ಅಮ್ಮನಿಗೆ" ಅಂತ ಹೇಳಿಕೊಡ್ತಿದ್ದೆ, ಮ್ ಚೆನ್ನಾಗಿ ಕೇಳುತ್ತೆ ಅಂತ. ಅರ್ಧ ಕ್ಲಾಸು "ಡೇಮ್ ಮುಟರ್" ಅಂತ ಬರೆಯೋಕೆ ಶುರುಮಾಡಿತು. ಅಮ್ಮ ಸ್ತ್ರೀಲಿಂಗ, ಡೇರ್ ಮುಟರ್ ಆಗಬೇಕು. ಅಂದೇ ಆ ಪಾಠ ಬದಲಾಯಿಸಿದೆ.

ಎರಡನೆಯದು ಲಿಂಗ. ನೀವು ಹುಟ್ಟಿ ಬೆಳೆದ ಮನೆಯಲ್ಲಿ ಮೂರು ಜಾಗ ಆರಿಸಿಕೊಳ್ಳಿ. ಡೇರ್ ಶಬ್ದಗಳೆಲ್ಲ ಜಗಲಿಯಲ್ಲಿ, ಡೀ ಅಡುಗೆಮನೆಯಲ್ಲಿ, ಡಾಸ್ ಹಿತ್ತಲಲ್ಲಿ. ಶಬ್ದವನ್ನ ಸುಮ್ಮನೆ ಅಲ್ಲಿ ಇಟ್ಟರೆ ನೆನಪು ನಿಲ್ಲಲ್ಲ, ಅಲ್ಲಿ ಏನಾದರೂ ಆಗಬೇಕು. ಡೇರ್ ರೋಲ್‌ಷ್ಟೂಲ್, ವೀಲ್‌ಚೇರ್ ಜಗಲಿ ಮೆಟ್ಟಿಲಲ್ಲಿ ಸಿಕ್ಕಿಕೊಂಡಿದೆ. ಡೀ ಷ್ಪ್ರಿಟ್ಸೆ, ಸಿರಿಂಜಿನಲ್ಲಿ ಅಜ್ಜಿ ದೋಸೆ ಕಾವಲಿಗೆ ಎಣ್ಣೆ ಬಿಡ್ತಿದ್ದಾರೆ. ಡಾಸ್ ಬೆಟ್, ಹಿತ್ತಲ ಬಾಳೆಗಿಡಗಳ ನಡುವೆ ಆಸ್ಪತ್ರೆಯ ಮಂಚ ಮಳೆಯಲ್ಲಿ ನೆನೀತಿದೆ.

ಎಲ್ಲಾ ಶಬ್ದಕ್ಕೂ ಈ ಶ್ರಮ ಬೇಡ. ಉಂಗ್, ಹೈಟ್, ಕೈಟ್ ಅಂತ ಮುಗಿಯೋವು ಡೀ, ಖೆನ್ ಅಂತ ಚಿಕ್ಕದು ಮಾಡಿದ್ದೆಲ್ಲ ಡಾಸ್. ಜೋಡಿ ಶಬ್ದಕ್ಕೆ ಕೊನೆಯ ಶಬ್ದದ ಲಿಂಗ: ಡಾಸ್ ಬೆಟ್, ಡೀ ಡೆಕೆ, ಆದ್ದರಿಂದ ಡೀ ಬೆಟ್‌ಡೆಕೆ. ಉಳಿದವನ್ನಷ್ಟೇ ಮನೆಗೆ ತನ್ನಿ.

---

ಮ್ಯೂನಿಕ್_ಅಮ್ಮ

ನನಗೆ ಇದು ಆಗಿಬರಲಿಲ್ಲ ಮೇಡಂ. ನೂರೈವತ್ತು ಶಬ್ದ ಆದಮೇಲೆ ಜಗಲಿಯಲ್ಲಿ ಜಾಗ ಇಲ್ಲ, ಎಲ್ಲಾ ಕಲಸಿಹೋಯ್ತು. ಆಮೇಲೆ "ಇಶ್ ಬ್ರೌಖೆ ಡೇನ್…" ಅಂತ ಎಲ್ಲಾ ಶಬ್ದವನ್ನೂ ಒಂದೇ ವಾಕ್ಯದಲ್ಲಿ ಹೇಳಿ ಅಭ್ಯಾಸ ಮಾಡಿದೆ. ಬ್ರೌಖೆ ಡೇನ್, ಬ್ರೌಖೆ ಡೀ, ಬ್ರೌಖೆ ಡಾಸ್. ಡೇನ್ ಅಂದರೆ ಪುಲ್ಲಿಂಗ ಅಂತ ಖಚಿತ. ಡೇರ್ ಅಂತ ಕಲಿತರೆ ಆಮೇಲೆ ಮಗ ರಾಣಿ ಸಾಲಿನ ಡೇರ್ ಜೊತೆ ಗೊಂದಲ.

---

ಮಲ್ಲೇಶ್ವರಂ_ಟೀಚರ್

ಕಲಸಿಹೋಗೋದು ನಿಜ. ನನ್ನ ವಿದ್ಯಾರ್ಥಿಗಳಲ್ಲೂ ಕೆಲವರಿಗೆ ಹಾಗಾಗುತ್ತೆ, ಅವರು ಬೇರೆ ಮನೆ ಆರಿಸಿಕೊಳ್ತಾರೆ, ಅಜ್ಜನ ಮನೆ, ಶಾಲೆ. ನಿಮ್ಮ ಬ್ರೌಖೆ ವಾಕ್ಯ ಇದರ ಜೊತೆಗೇ ಆಗಲಿ. ಯಾವುದು ಹೆಚ್ಚು ದಿನ ನಿಲ್ಲುತ್ತೆ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ, ಅದರಲ್ಲಿ ನಾನು ಹಟ ಮಾಡಲ್ಲ.

---

ಸ್ಟುಟ್‌ಗಾರ್ಟ್_ಕನ್ನಡಿಗ

ಎಲ್ಲಾ ಒಪ್ಪಿದೆ. "ರೂಫ್ ಮೀರ್ ಆನ್" ಮಾತ್ರ ಇನ್ನೂ ಒಪ್ಪೋಕಾಗ್ತಿಲ್ಲ. ಇಲ್ಲೇ ಹುಟ್ಟಿದವರು ಹೇಳ್ತಾರೆ, ಅದು ಹೇಗೆ ತಪ್ಪು?

---

ಮಲ್ಲೇಶ್ವರಂ_ಟೀಚರ್

ಅವರ ಮಾತು ತಪ್ಪು ಅಂತ ನಾನು ಹೇಳಲ್ಲ. ನೈಋತ್ಯ ಜರ್ಮನಿಯಲ್ಲಿ, ಸ್ವಿಟ್ಜರ್ಲೆಂಡ್‌ನಲ್ಲಿ ಹಾಗೆ ಆಡುಮಾತಿನಲ್ಲಿ ಇದೆ, ನೀವು ಸರಿಯಾಗೇ ಕೇಳಿಸಿಕೊಂಡಿದ್ದೀರಿ. ಪರೀಕ್ಷೆಯಲ್ಲಿ ಮಾತ್ರ ರೂಫ್ ಮಿಶ್ ಆನ್.

---

ಸ್ಟುಟ್‌ಗಾರ್ಟ್_ಕನ್ನಡಿಗ

ಹಾಗಾದರೆ ಸಿಸ್ಟರ್‌ಗೆ ಇಲ್ಲೇ ಕೆಲಸ ಸಿಕ್ಕಿದರೆ ಅವರು ಯಾವುದನ್ನ ಹೇಳಬೇಕು? ನಾನಂತೂ ಮೀರ್ ಅಂತಲೇ ಹೇಳೋದು.

---

ಉಡುಪಿ_ನರ್ಸ್

ಮೊದಲು ಪರೀಕ್ಷೆ ಆಗಲಿ ಅಣ್ಣ. ನಿನ್ನೆ ನೈಟ್ ಡ್ಯೂಟಿಯಲ್ಲಿ ಒಂದು ವಾಕ್ಯ ಮಾಡಿದೆ, ನೋಡಿ ಮೇಡಂ. "ಇಶ್ ಮೆಸೆ ಡೇಮ್ ಪಾಟ್ಸಿಯೆಂಟೆನ್ ಡೇನ್ ಬ್ಲೂಟ್‌ಡ್ರುಕ್, ಉಂಟ್ ಡಾನ್ ಬ್ರಿಂಗೆ ಇಶ್ ಈನ್ ಇನ್ಸ್ ಟ್ಸಿಮರ್." ರೋಗಿಯ ಬಿ.ಪಿ. ನೋಡಿ, ಆಮೇಲೆ ಅವರನ್ನ ರೂಮಿಗೆ ಕರ್ಕೊಂಡು ಹೋಗ್ತೇನೆ. ಕನ್ನಡದಲ್ಲಿ "ರೋಗಿಯ" ಅಂತ ಬರುತ್ತೆ, ಜರ್ಮನ್‌ನಲ್ಲಿ ಯಾರಿಗೆ ಬಿ.ಪಿ. ನೋಡೋದು ಅಂತ ಕೇಳಿಕೊಂಡು ಡೇಮ್ ಹಾಕಿದೆ. ರೂಮಿಗೆ, ಎಲ್ಲಿಗೆ, ಅದಕ್ಕೆ ಇನ್ ಡಾಸ್ ಸೇರಿಸಿ ಇನ್ಸ್.

---

ಮಲ್ಲೇಶ್ವರಂ_ಟೀಚರ್

ಎಲ್ಲಾ ಬಾಲವೂ ಸರಿ ಇದೆ. ರೋಗಿಯ ಬೆನ್ನು ಒರೆಸೋದಕ್ಕೂ ಇದೇ ಅಚ್ಚು, ಡೇಮ್ ಪಾಟ್ಸಿಯೆಂಟೆನ್ ಡೇನ್ ರ್‍ಯುಕೆನ್. ಒಂದೇ ಒಂದು ಸಣ್ಣ ವಿಷಯ. ಪಾಟ್ಸಿಯೆಂಟೂ ಪುಲ್ಲಿಂಗ, ಬ್ಲೂಟ್‌ಡ್ರುಕ್ಕೂ ಪುಲ್ಲಿಂಗ. "ಈನ್" ಅಂದಾಗ ರೂಮಿಗೆ ಹೋಗೋದು ರೋಗಿಯೋ ಬಿ.ಪಿ.ಯೋ ಅಂತ ವ್ಯಾಕರಣ ಹೇಳಲ್ಲ. ಕೇಳೋರಿಗೆ ಅರ್ಥ ಆಗುತ್ತೆ, ಆದರೆ ವರದಿ ಬರೆಯುವಾಗ ಅಲ್ಲಿ ಇನ್ನೊಮ್ಮೆ "ಡೇನ್ ಪಾಟ್ಸಿಯೆಂಟೆನ್" ಅಂತಲೇ ಬರೀರಿ.